ಎಎಂ, ಎಫ್‌ಎಂ, ಪಿಎಂ ಮತ್ತು ಪಿಎಸ್‌ಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಎಲೆಕ್ಟ್ರಾನಿಕ್ಸ್ ಮೇಷ್ಟ್ರಾಗಿದ್ದೆ. ಈಗ ನಿವೃತ್ತನಾಗಿ ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟದಲ್ಲಿ ಇದ್ದೇನೆ. ಹಳೇ ವಿದ್ಯಾರ್ಥಿಗಳು ಪರೀಕ್ಷೆ ಬಂದಾಗ ಬರೆದು ಕೇಳುತ್ತಾರೆ. ಅಕ್ಕಪಕ್ಕದವರು ಮಳೆಗೆ ಡಿಶ್ ನಿಂತಾಗ ಬಂದು ಕೇಳುತ್ತಾರೆ. ಇಬ್ಬರ ಪ್ರಶ್ನೆಗೂ ಉತ್ತರ ಸುಮಾರು ಒಂದೇ ಕಡೆ, ಮಾತನ್ನೋ ಸೊನ್ನೆ-ಒಂದನ್ನೋ ರೇಡಿಯೋ ಅಲೆಯ ಮೇಲೆ ಹೇರಿ ಕಳಿಸುವ ರೀತಿಗೆ ಬಂದು ಸೇರುತ್ತದೆ. ಹಾಗಾಗಿ ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

## ಮೊದಲ ಹೆಜ್ಜೆ

ಮಾತನ್ನೇ ನೇರವಾಗಿ ಗಾಳಿಗೆ ಬಿಟ್ರೆ ಆಗಲ್ವಾ ಮೇಷ್ಟ್ರೇ? ಈ ಮಾಡ್ಯುಲೇಷನ್ ಯಾಕೆ ಬೇಕು?

ಆಂಟೆನಾ ಚೆನ್ನಾಗಿ ಕೆಲಸ ಮಾಡಬೇಕಾದರೆ ಅದರ ಉದ್ದ ಅಲೆಯ ಉದ್ದದ ಕಾಲು ಭಾಗದಷ್ಟಾದರೂ ಇರಬೇಕು. 3000 ಹರ್ಟ್ಸ್ ಮಾತಿನ ಅಲೆಯನ್ನು ರೇಡಿಯೋ ಅಲೆಯಾಗಿ ನೇರ ಬಿಟ್ಟರೆ ಅದರ ಉದ್ದ 100 ಕಿಲೋಮೀಟರ್ ಆಗುತ್ತದೆ. ಅಂದರೆ ಆಂಟೆನಾ 25 ಕಿಲೋಮೀಟರ್! ಅದಕ್ಕೇ ಎತ್ತರದ ಫ್ರೀಕ್ವೆನ್ಸಿಯ ಒಂದು ಅಲೆಯನ್ನು ಗಾಡಿಯ ಹಾಗೆ ಇಟ್ಟುಕೊಂಡು, ಮಾತನ್ನು ಅದರ ಮೇಲೆ ಹೇರಿ ಕಳಿಸುತ್ತೇವೆ. ಈ ಗಾಡಿಗೆ ಕ್ಯಾರಿಯರ್ ಎಂದು ಹೆಸರು, ಹೇರುವ ಕೆಲಸಕ್ಕೆ ಮಾಡ್ಯುಲೇಷನ್ ಎಂದು. ಇನ್ನೊಂದು ಅನುಕೂಲವೂ ಇದೆ. ಒಂದೊಂದು ಸ್ಟೇಷನ್ ಒಂದೊಂದು ಗಾಡಿ ಇಟ್ಟುಕೊಂಡರೆ ಯಾರ ಮಾತೂ ಯಾರದರ ಜೊತೆಗೂ ಕಲಸುವುದಿಲ್ಲ.

ಎಎಂ, ಎಫ್‌ಎಂ, ಪಿಎಂ: ಮೂರರ ವ್ಯತ್ಯಾಸ ತಲೆಗೆ ಹೋಗುವ ಹಾಗೆ ಹೇಳಿ.

ಕ್ಯಾರಿಯರ್ ಅಲೆಯನ್ನು ಒಂದೇ ಸಾಲಿನಲ್ಲಿ ಹೀಗೆ ಬರೆಯಬಹುದು:

```
s(t) = A cos(2πft + φ)
```

ಇದರಲ್ಲಿ ನಾವು ತಿರುಗಿಸಬಹುದಾದ ಕಿವಿ ಮೂರೇ. A ಅಂದರೆ ಅಲೆಯ ಎತ್ತರ, f ಅಂದರೆ ಸೆಕೆಂಡಿಗೆ ಎಷ್ಟು ಸಲ, φ ಅಂದರೆ ಸುತ್ತಿನಲ್ಲಿ ಎಲ್ಲಿದೆ ಎನ್ನುವುದು. ಮಾತಿಗೆ ತಕ್ಕಂತೆ ಮೊದಲನೆಯದನ್ನು ಬದಲಿಸಿದರೆ ಎಎಂ, ಎರಡನೆಯದಾದರೆ ಎಫ್‌ಎಂ, ಮೂರನೆಯದಾದರೆ ಪಿಎಂ.

ಮೊದಲೆರಡು ಎಲ್ಲರಿಗೂ ಅರ್ಥವಾಗುತ್ತವೆ. ಎಡವುವುದು ಮೂರನೆಯದರಲ್ಲಿ. ಆಗ ನಾನು ಒನಕೆ ನೆನಪಿಸುತ್ತೇನೆ. ಒಂದೇ ಒರಳಿಗೆ ಇಬ್ಬರು ಭತ್ತ ಕುಟ್ಟುವುದನ್ನು ನೋಡಿದ್ದೀರಲ್ವಾ? ಒಬ್ಬರ ಒನಕೆ ಮೇಲಿದ್ದಾಗ ಇನ್ನೊಬ್ಬರದು ಕೆಳಗೆ. ಇಬ್ಬರೂ ಎತ್ತುವ ಎತ್ತರ ಒಂದೇ, ನಿಮಿಷಕ್ಕೆ ಬೀಳುವ ಪೆಟ್ಟೂ ಅಷ್ಟೇ. ಆದರೂ ಇಬ್ಬರ ಕುಟ್ಟು ಒಂದೇ ಅಲ್ಲ. ಅರ್ಧ ಸುತ್ತು, ಅಂದರೆ 180 ಡಿಗ್ರಿ, ಆಚೀಚೆ ಇದೆ. ಆ ವ್ಯತ್ಯಾಸವೇ ಫೇಸ್. ಒಬ್ಬರೇ ಕುಟ್ಟುತ್ತಿದ್ದರೆ ಅವರ ಫೇಸ್ ಎಷ್ಟು ಎಂದು ಕೇಳುವುದಕ್ಕೇ ಅರ್ಥವಿಲ್ಲ. ಹೋಲಿಸಲು ಜೊತೆಗೆ ಇನ್ನೊಂದು ಒನಕೆ ಬೇಕು. ಈ ಮಾತನ್ನು ನೆನಪಿಡಿ, ಫೇಸ್ ಬದಲಿಸಿ ಸೊನ್ನೆ-ಒಂದು ಕಳಿಸುವ ಪಿಎಸ್‌ಕೆಯ ತಲೆನೋವು ಶುರುವಾಗುವುದು ಇಲ್ಲಿಂದಲೇ.

ಫೇಸ್ ಬದಲಾದ್ರೆ ಫ್ರೀಕ್ವೆನ್ಸಿನೂ ಬದಲಾಗುತ್ತೆ ಅಲ್ವಾ? ಹಾಗಾದ್ರೆ ಎಫ್‌ಎಂ, ಪಿಎಂ ಎರಡೂ ಒಂದೇ ತಾನೆ?

ಒಳ್ಳೆಯ ಪ್ರಶ್ನೆ. ಎರಡೂ ಅಣ್ಣತಮ್ಮಂದಿರು, ಆದರೆ ಒಂದೇ ಅಲ್ಲ. ಫ್ರೀಕ್ವೆನ್ಸಿ ಅಂದರೆ ಫೇಸ್ ಎಷ್ಟು ಬೇಗ ತಿರುಗುತ್ತಿದೆ ಎಂಬ ಲೆಕ್ಕ. ಒಂದನ್ನು ಅಲುಗಾಡಿಸಿದರೆ ಇನ್ನೊಂದೂ ಅಲುಗಾಡಲೇಬೇಕು.

ವ್ಯತ್ಯಾಸ ತಿಳಿಯಲು ಒಂದೇ ಜೋರಿನ ಎರಡು ಸ್ವರ ಕೊಟ್ಟು ನೋಡಿ, 500 ಹರ್ಟ್ಸ್ ಒಂದು, 5000 ಹರ್ಟ್ಸ್ ಒಂದು. ಎಫ್‌ಎಂ ಆದರೆ ಕ್ಯಾರಿಯರ್ ಆಚೀಚೆ ಓಡಾಡುವ ದೂರ ಎರಡಕ್ಕೂ ಅಷ್ಟೇ, ಅದು ಜೋರನ್ನು ಮಾತ್ರ ನೋಡುತ್ತದೆ. ಪಿಎಂ ಆದರೆ ಫೇಸ್ ಆಚೀಚೆ ತಿರುಗುವ ಕೋನ ಎರಡಕ್ಕೂ ಅಷ್ಟೇ ಇರುತ್ತದೆ. ಕೋನ 1 ರೇಡಿಯನ್ ಎಂದುಕೊಂಡರೆ ಮೊದಲ ಸ್ವರಕ್ಕೆ ಫ್ರೀಕ್ವೆನ್ಸಿ 500 ಹರ್ಟ್ಸ್ ಆಚೀಚೆ ಹೋಗುತ್ತದೆ, ಎರಡನೆಯದಕ್ಕೆ 5000 ಹರ್ಟ್ಸ್. ಒಂದೇ ಒಂದು ಸ್ವರ ಇಟ್ಟುಕೊಂಡು, ಅಲೆಯ ಆಕಾರ ತೋರಿಸುವ ಸ್ಕೋಪ್ ಮುಂದೆ ಕೂತರೆ ಯಾವುದು ಯಾವುದೆಂದು ಯಾರಿಗೂ ಹೇಳಲಾಗದು, ನನಗೂ ಆಗದು.

## ರೇಡಿಯೋ ಮುಂದೆ ಕೂತಾಗ

ಗುಡುಗು ಬಂದ್ರೆ ಭದ್ರಾವತಿ ಎಎಂ ಚರಪರ ಅನ್ನುತ್ತೆ, ಎಫ್‌ಎಂ ಸುಮ್ನಿರುತ್ತೆ. ಯಾಕೆ?

ಏಪ್ರಿಲ್-ಮೇ ತಿಂಗಳ ಸಂಜೆ ಆಕಾಶವಾಣಿ ಭದ್ರಾವತಿಯ 675 ಕಿಲೋಹರ್ಟ್ಸ್ ಹಾಕಿ ನೋಡಿ. ಮಿಂಚು ಆಗುಂಬೆ ಕಡೆ ಹೊಡೆದರೂ ಇಲ್ಲಿ ಕೇಳುತ್ತದೆ. ಪಂಪ್‌ಸೆಟ್ಟಿನ ಸ್ಟಾರ್ಟರ್ ಒತ್ತಿದರೂ ಟಪ್ ಎನ್ನುತ್ತದೆ. ಎಎಂ ರಿಸೀವರ್ ಅಲೆಯ ಎತ್ತರವನ್ನೇ ಮಾತು ಎಂದು ಓದುತ್ತದೆ. ಮಿಂಚಿನ ಕಿಡಿ ಆ ಎತ್ತರಕ್ಕೆ ತನ್ನದನ್ನೂ ಸೇರಿಸಿಬಿಟ್ಟರೆ ರಿಸೀವರಿಗೆ ಬೇರೆ ಮಾಡುವ ದಾರಿಯೇ ಇಲ್ಲ.

ಎಫ್‌ಎಂ ರಿಸೀವರಿನಲ್ಲಿ ಲಿಮಿಟರ್ ಎಂಬ ಒಂದು ಹಂತ ಇರುತ್ತದೆ. ಅದು ಅಲೆಯ ತಲೆ ಬುಡ ಎರಡನ್ನೂ ಕತ್ತರಿಸಿ ಒಂದೇ ಎತ್ತರ ಮಾಡುತ್ತದೆ. ಮಾತು ಎತ್ತರದಲ್ಲಿ ಇಲ್ಲವಲ್ಲ, ಕತ್ತರಿಸಿದರೆ ನಷ್ಟವಿಲ್ಲ. ಜೊತೆಗೆ ಮಿಂಚಿನ ಗದ್ದಲ ಕೆಳಗಿನ ಫ್ರೀಕ್ವೆನ್ಸಿಗಳಲ್ಲೇ ಜಾಸ್ತಿ. 100 ಮೆಗಾಹರ್ಟ್ಸ್ ಹತ್ತಿರ ಬರುವಷ್ಟರಲ್ಲಿ ತುಂಬಾ ಕಡಿಮೆಯಾಗಿರುತ್ತದೆ.

ಆದರೆ ಎಫ್‌ಎಂ ಈ ನೆಮ್ಮದಿಯನ್ನು ಬಿಟ್ಟಿ ಕೊಡುವುದಿಲ್ಲ. ಅದು ಆಚೀಚೆ 75 ಕಿಲೋಹರ್ಟ್ಸ್ ವರೆಗೆ ಓಡಾಡುತ್ತದೆ, ಒಂದು ಸ್ಟೇಷನ್ನಿಗೆ ಸುಮಾರು 180 ಕಿಲೋಹರ್ಟ್ಸ್ ಜಾಗ ಬೇಕು. ಎಎಂಗೆ 9 ಕಿಲೋಹರ್ಟ್ಸಿಗೊಂದು ಸ್ಟೇಷನ್ ಇಡುತ್ತಾರೆ. ಇನ್ನೊಂದು, ಸಿಗ್ನಲ್ ನಾಯ್ಸ್‌ಗಿಂತ, ಅಂದರೆ ಬೇಡದ ಗದ್ದಲಕ್ಕಿಂತ, ಸುಮಾರು ಹತ್ತು ಪಟ್ಟು ಜಾಸ್ತಿ ಇರುವ ತನಕ ಮಾತ್ರ ಎಫ್‌ಎಂ ಚೆಂದ. ಅದಕ್ಕಿಂತ ಕೆಳಗಿಳಿದರೆ ಟಕಟಕ ಶುರುವಾಗಿ ಥಟ್ಟನೆ ಕೆಡುತ್ತದೆ. ಎಎಂ ಮಾತ್ರ ನಿಧಾನವಾಗಿ, ಗೊಣಗುತ್ತಾ ಕೆಡುತ್ತದೆ.

ಹಾಗಿದ್ರೆ ನಮ್ಮನೆ ಕಣಿವೆಗೆ ಎಎಂ ಬರುತ್ತೆ, ಎಫ್‌ಎಂ ಬರಲ್ಲ. ಎಫ್‌ಎಂ ಗಟ್ಟಿ ಅಂದ್ರಲ್ಲ?

ಇದು ಮಾಡ್ಯುಲೇಷನ್ ತಪ್ಪಲ್ಲ, ಕ್ಯಾರಿಯರ್ ತಪ್ಪು. 675 ಕಿಲೋಹರ್ಟ್ಸ್ ಅಲೆಯ ಉದ್ದ 444 ಮೀಟರ್. ಅದು ನೆಲ ಹಿಡಿದು ಗುಡ್ಡ ಬಳಸಿ ಬರುತ್ತದೆ. ಎಫ್‌ಎಂ ಅಲೆಯ ಉದ್ದ 3 ಮೀಟರ್, ಗುಡ್ಡದ ನೆರಳಿನಲ್ಲಿ ನಿಂತುಬಿಡುತ್ತದೆ. 100 ಮೆಗಾಹರ್ಟ್ಸ್‌ನಲ್ಲಿ ಎಎಂ ಬಿಟ್ಟಿದ್ದರೂ ನಿಮ್ಮ ಕಣಿವೆಗೆ ಬರುತ್ತಿರಲಿಲ್ಲ.

ಅಷ್ಟು ಮೇಲಿನ ಫ್ರೀಕ್ವೆನ್ಸಿಯಲ್ಲೂ ಎಎಂ ಬಳಸುವವರಿದ್ದಾರೆ. ಶಿವಮೊಗ್ಗ ಹತ್ತಿರದ ಸೋಗಾನೆಯ ವಿಮಾನ ನಿಲ್ದಾಣಕ್ಕೆ ಬರುವ ವಿಮಾನಗಳು ಮಾತಾಡುವುದು 118ರಿಂದ 137 ಮೆಗಾಹರ್ಟ್ಸ್ ನಡುವೆ, ಅದೂ ಎಎಂನಲ್ಲೇ. ಎಫ್‌ಎಂನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಜೋರಿದ್ದವನದು ಮಾತ್ರ ಕೇಳುತ್ತದೆ, ಇನ್ನೊಬ್ಬ ಮಾತಾಡಿದ್ದೇ ಗೊತ್ತಾಗುವುದಿಲ್ಲ. ಎಎಂನಲ್ಲಿ ಕೀಂ ಎಂಬ ಸದ್ದಾದರೂ ಬರುತ್ತದೆ, ಯಾರೋ ಇನ್ನೊಬ್ಬರಿದ್ದಾರೆ ಎಂದು ತಿಳಿಯುತ್ತದೆ.

## ಸೊನ್ನೆ-ಒಂದರ ಲೋಕ

ಪಿಎಸ್‌ಕೆ ಅಂದ್ರೆ ಪಿಎಂನೇನಾ?

ಹೌದು, ಆದರೆ ಮೆಟ್ಟಿಲು ಮೆಟ್ಟಿಲಾಗಿ. ಮಾತಿನ ಹಾಗೆ ಎಡೆಬಿಡದೆ ಬದಲಾಗುವುದಿಲ್ಲ. ಎರಡೇ ಫೇಸ್ ಇದ್ದರೆ ಬಿಪಿಎಸ್‌ಕೆ: 1 ಕಳಿಸಬೇಕಾದರೆ 0 ಡಿಗ್ರಿ, 0 ಕಳಿಸಬೇಕಾದರೆ 180 ಡಿಗ್ರಿ. ಒನಕೆಯ ಲೆಕ್ಕದಲ್ಲಿ, ಜೊತೆಯವರ ಜೊತೆಗೇ ಕುಟ್ಟಿದರೆ ಒಂದು, ಎದುರು ಕುಟ್ಟಿದರೆ ಸೊನ್ನೆ. ಇದೇ ರೀತಿ ಎತ್ತರವನ್ನು ಆನ್-ಆಫ್ ಮಾಡಿದರೆ ಓಓಕೆ, ಎರಡು ಫ್ರೀಕ್ವೆನ್ಸಿ ನಡುವೆ ಹಾರಿದರೆ ಎಫ್‌ಎಸ್‌ಕೆ.

ನಾಯ್ಸ್ ಎತ್ತರವನ್ನ ಮಾತ್ರ ಕೆಡಿಸುತ್ತೆ, ಫೇಸ್ ಮುಟ್ಟಲ್ಲ, ಅದಕ್ಕೇ ಪಿಎಸ್‌ಕೆ ಒಳ್ಳೇದು ಅಂತ ಗೈಡ್‌ನಲ್ಲಿದೆ. ಪರೀಕ್ಷೇಲಿ ಹಾಗೇ ಬರೀಲಾ ಸರ್?

ಬೇಡ. ಈ ಸಾಲನ್ನು ಮೂವತ್ತು ವರ್ಷ ಉತ್ತರ ಪತ್ರಿಕೆಗಳಲ್ಲಿ ಓದಿ ಓದಿ ಸಾಕಾಗಿದೆ. ಅರ್ಧ ಸತ್ಯವೂ ಅಲ್ಲ, ಕಾಲು ಸತ್ಯ.

ಸಿಗ್ನಲ್ಲನ್ನು ಕಾಗದದ ಮೇಲೆ ಒಂದು ಬಾಣವಾಗಿ ಬರೆಯಿರಿ. ಬಾಣದ ಉದ್ದವೇ ಎತ್ತರ, ಅದು ತೋರಿಸುವ ದಿಕ್ಕೇ ಫೇಸ್. ರಿಸೀವರಿನ ಬಿಸಿಯಿಂದ, ಆಕಾಶದಿಂದ ಬರುವ ನಾಯ್ಸ್ ಇನ್ನೊಂದು ಪುಟ್ಟ ಬಾಣ. ಅದು ಸಿಗ್ನಲ್ ಬಾಣದ ತುದಿಗೆ ಅಂಟಿಕೊಳ್ಳುತ್ತದೆ, ಯಾವ ದಿಕ್ಕಿಗೆ ಬೇಕಾದರೂ ತಿರುಗಿರುತ್ತದೆ. ಉದ್ದಕ್ಕೆ ತಿರುಗಿದ್ದರೆ ಎತ್ತರ ಬದಲಾಗುತ್ತದೆ. ಅಡ್ಡಕ್ಕೆ ತಿರುಗಿದ್ದರೆ ಫೇಸ್ ಬದಲಾಗುತ್ತದೆ. ಎರಡಕ್ಕೂ ಸಮ ಪಾಲು. ನಾಯ್ಸ್‌ಗೆ ಫೇಸ್ ಮೇಲೆ ಕರುಣೆ ಏನೂ ಇಲ್ಲ.

ಕೇಳಬೇಕಾದ ಪ್ರಶ್ನೆ ಬೇರೆ. ಒಂದು ಬಾಣವನ್ನು ಇನ್ನೊಂದು ಬಾಣ ಎಂದು ರಿಸೀವರ್ ತಪ್ಪು ತಿಳಿಯಬೇಕಾದರೆ ನಾಯ್ಸ್ ಎಷ್ಟು ದೂರ ತಳ್ಳಬೇಕು? ಬಿಪಿಎಸ್‌ಕೆಯ ಎರಡು ಬಾಣಗಳು ಒಂದಕ್ಕೊಂದು ಬೆನ್ನು ಹಾಕಿ ನಿಂತಿವೆ. ಅಷ್ಟೇ ಶಕ್ತಿಯಲ್ಲಿ ಎರಡು ಬಾಣಗಳನ್ನು ಇದಕ್ಕಿಂತ ದೂರ ಇಡಲು ಸಾಧ್ಯವೇ ಇಲ್ಲ. ಪಿಎಸ್‌ಕೆಯ ಗಟ್ಟಿತನ ಇರುವುದು ಈ ದೂರದಲ್ಲಿ.

ಆ ದೂರದ ಲೆಕ್ಕ ಒಂದ್ಸಲ ಅಂಕಿ ಹಾಕಿ ತೋರಿಸ್ತೀರಾ?

ಒಂದು ಬಿಟ್‌ಗೆ ಸರಾಸರಿ 1 ಯೂನಿಟ್ ಶಕ್ತಿ ಖರ್ಚು ಮಾಡಬಹುದು ಎಂದುಕೊಳ್ಳಿ. ಬಾಣದ ಉದ್ದದ ವರ್ಗವೇ ಶಕ್ತಿ.

ಬಿಪಿಎಸ್‌ಕೆ: ಒಂದು ಬಾಣ +1, ಇನ್ನೊಂದು −1. ನಡುವಿನ ದೂರ 2.

ಓಓಕೆ: ಸೊನ್ನೆಗೆ ಏನೂ ಕಳಿಸುವುದಿಲ್ಲ. ಉಳಿದದ್ದನ್ನು ಒಂದಕ್ಕೆ ಹಾಕಬಹುದು, ಅಂದರೆ 2 ಯೂನಿಟ್. ಬಾಣದ ಉದ್ದ √2, ಅಂದರೆ 1.41. ಸೊನ್ನೆಯಿಂದ ದೂರವೂ 1.41.

ಎಫ್‌ಎಸ್‌ಕೆ: ಎರಡು ಫ್ರೀಕ್ವೆನ್ಸಿಗಳು ಒಂದಕ್ಕೊಂದು ಸಂಬಂಧವಿಲ್ಲದ ಎರಡು ದಿಕ್ಕುಗಳ ಹಾಗೆ, 90 ಡಿಗ್ರಿಯಲ್ಲಿ ನಿಲ್ಲುತ್ತವೆ. ಎರಡರ ಉದ್ದವೂ 1. ತುದಿಯಿಂದ ತುದಿಗೆ ಮತ್ತೆ 1.41.

ರಿಸೀವರ್ ಗಡಿ ಗೆರೆಯನ್ನು ನಟ್ಟನಡುವೆ ಹಾಕುತ್ತದೆ. ಬಿಪಿಎಸ್‌ಕೆಯಲ್ಲಿ ತಪ್ಪಾಗಬೇಕಾದರೆ ನಾಯ್ಸ್ 1ರಷ್ಟು ತಳ್ಳಬೇಕು, ಮಿಕ್ಕ ಎರಡರಲ್ಲಿ 0.71 ಸಾಕು. ಅಡ್ಡಕ್ಕೆ ತಳ್ಳುವ ನಾಯ್ಸ್‌ನಿಂದ ಬಿಪಿಎಸ್‌ಕೆಗೆ ಏನೂ ಆಗುವುದಿಲ್ಲ. ಬಾಣ ವಾಲುತ್ತದೆ, ಗೆರೆ ದಾಟುವುದಿಲ್ಲ. ದೂರ 1.41 ಪಟ್ಟು ಎಂದರೆ ಶಕ್ತಿಯಲ್ಲಿ 2 ಪಟ್ಟು, ಅಂದರೆ 3 ಡೆಸಿಬೆಲ್. ಬಿಪಿಎಸ್‌ಕೆಗೆ 10 ವ್ಯಾಟ್ ಸಾಕಾದ ಕಡೆ ಓಓಕೆಗೆ 20 ವ್ಯಾಟ್ ಬೇಕು.

ಎರಡು ಪಟ್ಟು ಅಷ್ಟೇನಾ ಎನ್ನಬೇಡಿ. ತಪ್ಪುಗಳ ಲೆಕ್ಕ ನೋಡಿ. ಬಿಟ್‌ನ ಶಕ್ತಿ ನಾಯ್ಸ್‌ಗಿಂತ 8 ಡೆಸಿಬೆಲ್ ಮೇಲಿದ್ದಾಗ ಬಿಪಿಎಸ್‌ಕೆಯಲ್ಲಿ ಹತ್ತು ಸಾವಿರ ಬಿಟ್‌ಗೆ ಸುಮಾರು 2 ತಪ್ಪು. ಓಓಕೆಯಲ್ಲಿ ಸುಮಾರು 60.

ಇದು ಸರಾಸರಿ ಶಕ್ತಿಯ ಲೆಕ್ಕ. ಟ್ರಾನ್ಸ್‌ಮಿಟರ್ ಒಂದು ಮಿತಿಗಿಂತ ಜಾಸ್ತಿ ಎತ್ತರ ಕೊಡಲಾರದು ಎಂದರೆ ಓಓಕೆ ಇನ್ನೂ ಸೋಲುತ್ತದೆ. ಬಾಣಗಳು 0 ಮತ್ತು 1 ಆಗುತ್ತವೆ, ದೂರ 1. ಆಗ 6 ಡೆಸಿಬೆಲ್ ಹಿಂದೆ. ಉಪಗ್ರಹದ ಆಂಪ್ಲಿಫೈಯರಿನ ಕಥೆ ಇದೇ. ಸೋಲಾರ್ ಪ್ಯಾನಲ್ಲಿನ ವಿದ್ಯುತ್ತಿನಲ್ಲಿ ಬದುಕುವ ಅದನ್ನು ಅದರ ಮಿತಿಯ ಹತ್ತಿರವೇ ಓಡಿಸುತ್ತಾರೆ. ಅಲ್ಲಿ ಎತ್ತರ ಏರಿಳಿದರೆ ಆಕಾರ ಕೆಡುತ್ತದೆ. ಪಿಎಸ್‌ಕೆಯಲ್ಲಿ ಎಲ್ಲ ಬಾಣಗಳ ಉದ್ದವೂ ಒಂದೇ ಆಗಿರುವುದರಿಂದ ಆ ಕಾಟ ಕಡಿಮೆ.

ಮನೇಲಿ ಲ್ಯಾಬ್ ಇಲ್ಲ. ಇದನ್ನ ನಾನೇ ಪರೀಕ್ಷೆ ಮಾಡಬಹುದಾ?

ಕಂಪ್ಯೂಟರಿನಲ್ಲಿ ಪೈಥಾನ್, ನಮ್‌ಪೈ ಇದ್ದರೆ ಸಾಕು. ಹತ್ತು ಲಕ್ಷ ಬಿಟ್ ಕಳಿಸಿ ತಪ್ಪು ಎಣಿಸುತ್ತದೆ:

```python
import numpy as np
n = 1000000
snr = 10**(8/10)
bit = np.random.randint(0, 2, n)
noise = np.random.randn(n) * np.sqrt(1/(2*snr))
psk = np.where(bit == 1, 1.0, -1.0) + noise
ook = bit*np.sqrt(2) + noise
print(np.mean((psk > 0) != bit))
print(np.mean((ook > np.sqrt(2)/2) != bit))
```

ಮೊದಲ ಸಾಲಿನಲ್ಲಿ 0.0002ರ ಆಸುಪಾಸು, ಎರಡನೆಯದರಲ್ಲಿ 0.006ರ ಆಸುಪಾಸು ಬರಬೇಕು. ಮೂರನೇ ಸಾಲಿನ 8 ಅನ್ನು 5 ಮಾಡಿ ನೋಡಿ, 11 ಮಾಡಿ ನೋಡಿ. ಓಓಕೆಗೆ 11 ಕೊಟ್ಟಾಗ ಬರುವ ಅಂಕಿ, ಪಿಎಸ್‌ಕೆಗೆ 8 ಕೊಟ್ಟಾಗ ಬಂದದ್ದೇ. ಆ 3 ಡೆಸಿಬೆಲ್ ಕಣ್ಣಿಗೇ ಕಾಣುತ್ತದೆ.

## ಮಳೆ, ಡಿಶ್ ಮತ್ತು ಉಳಿದ ತಂಟೆಗಳು

ಕ್ಯೂಪಿಎಸ್‌ಕೆಯಲ್ಲಿ ಎರಡು ಪಟ್ಟು ಬಿಟ್ ಹೋಗುತ್ತೆ, ಆದ್ರೂ ತಪ್ಪು ಜಾಸ್ತಿ ಆಗಲ್ಲ ಅಂತಾರೆ. ಇದೆಂಥ ಮಾಯ?

ಮಾಯ ಏನಿಲ್ಲ, ಖಾಲಿ ಬಿದ್ದ ಜಾಗಕ್ಕೆ ಬೇಸಾಯ ಮಾಡಿದ್ದು. ಬಿಪಿಎಸ್‌ಕೆಯ ಬಾಣಗಳು ಉದ್ದದ ಗೆರೆಯ ಮೇಲೆ ಮಾತ್ರ ಇವೆ, ಅಡ್ಡ ದಿಕ್ಕು ಬರಿದಾಗಿದೆ. ಅಡ್ಡಕ್ಕೂ ಇನ್ನೊಂದು ಬಿಪಿಎಸ್‌ಕೆ ಕೂರಿಸಿದರೆ ನಾಲ್ಕು ಫೇಸ್ ಆಯಿತು, ಒಂದು ಸಲಕ್ಕೆ ಎರಡು ಬಿಟ್. ಎರಡೂ ಲಂಬವಾಗಿರುವುದರಿಂದ ಒಂದರ ನಾಯ್ಸ್ ಇನ್ನೊಂದಕ್ಕೆ ತಾಗದು. ಒಂದು ಬಿಟ್‌ಗೆ ಅಷ್ಟೇ ಶಕ್ತಿ ಕೊಟ್ಟರೆ ತಪ್ಪೂ ಅಷ್ಟೇ.

ಎಂಟು ಫೇಸ್‌ಗೆ ಹೋದಾಗ ಈ ಪುಕ್ಕಟೆ ಮುಗಿಯುತ್ತದೆ. ಬಾಣಗಳ ನಡುವೆ 45 ಡಿಗ್ರಿ ಮಾತ್ರ. 22.5 ಡಿಗ್ರಿ ವಾಲಿದರೆ ಪಕ್ಕದ ಮನೆಗೆ ಬಿದ್ದ ಹಾಗೆ. ಅಷ್ಟೇ ಕಡಿಮೆ ತಪ್ಪು ಬೇಕೆಂದರೆ ಬಿಟ್‌ಗೆ ಸುಮಾರು 3.6 ಡೆಸಿಬೆಲ್ ಜಾಸ್ತಿ ಶಕ್ತಿ ಕೊಡಬೇಕು.

ಪಿಎಸ್‌ಕೆ ಅಷ್ಟು ಗಟ್ಟಿ ಅಂತೀರಿ, ಮತ್ತೆ ಜೋರು ಮಳೇಲಿ ನಮ್ಮ ಡಿಶ್ ಯಾಕೆ ನಿಲ್ಲುತ್ತೆ ಮಾರಾಯ್ರೆ?

ಡಿಡಿ ಫ್ರೀ ಡಿಶ್ ಉದಾಹರಣೆ ತಗೊಳ್ಳೋಣ. ಸಿಗ್ನಲ್ 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15ರಿಂದ, ಸುಮಾರು 36,000 ಕಿಲೋಮೀಟರ್ ಮೇಲಿನಿಂದ ಬರುತ್ತದೆ. ನಮ್ಮೂರಲ್ಲಿ ಡಿಶ್ ಆಗ್ನೇಯಕ್ಕೆ ತಿರುಗಿ, ಸುಮಾರು 63 ಡಿಗ್ರಿ ಮೇಲಕ್ಕೆ ನೋಡುತ್ತಿರುತ್ತದೆ. ಮೆನುವಿನಲ್ಲಿ `Symbol Rate 29500` ಎಂದು ಇರುತ್ತದಲ್ಲ, ಅಂದರೆ ಸೆಕೆಂಡಿಗೆ 2 ಕೋಟಿ 95 ಲಕ್ಷ ಸಲ ಫೇಸ್ ನಿರ್ಧಾರ. ಕ್ಯೂಪಿಎಸ್‌ಕೆ ಆದ್ದರಿಂದ 5 ಕೋಟಿ 90 ಲಕ್ಷ ಬಿಟ್. ಅದರಲ್ಲಿ ಒಂದು ಪಾಲು ತಪ್ಪು ತಿದ್ದುವ ಕೆಲಸಕ್ಕೇ ಹೋಗುತ್ತದೆ.

11 ಗಿಗಾಹರ್ಟ್ಸ್ ಆಸುಪಾಸಿನ ಈ ಅಲೆಯ ಉದ್ದ 3 ಸೆಂಟಿಮೀಟರಿಗೂ ಕಡಿಮೆ. ಆಷಾಢದ ದಪ್ಪ ಹನಿಗಳು ಇದನ್ನು ಹೀರುತ್ತವೆ, ಚದುರಿಸುತ್ತವೆ. ಅಷ್ಟೇ ಆಗಿದ್ದರೆ ಪರವಾಗಿಲ್ಲ. ಹೀರುವ ಮಳೆ ತಾನೂ ಬೆಚ್ಚಗಿನ ವಸ್ತು, ಆದ್ದರಿಂದ ನಾಯ್ಸ್ ಸೂಸುತ್ತದೆ. ಶುಭ್ರ ಆಕಾಶ ಡಿಶ್‌ಗೆ ತಣ್ಣಗೆ ಕಾಣುತ್ತದೆ, ಮಳೆಯ ಮೋಡ ಹಾಗಲ್ಲ. ಹೀಗೆ ಸಿಗ್ನಲ್ ಕೆಳಗಿಳಿಯುತ್ತದೆ, ನಾಯ್ಸ್ ಮೇಲೇರುತ್ತದೆ.

ಇದನ್ನು ಟಿವಿಯಲ್ಲೇ ಹಿಡಿಯಬಹುದು. ಮಳೆ ಶುರುವಾದಾಗ ಮೆನುವಿನಲ್ಲಿ `Signal Strength` ಮತ್ತು `Signal Quality` ಎರಡನ್ನೂ ನೋಡುತ್ತಿರಿ. ಮೊದಲನೆಯದು ಹೆಚ್ಚು ಕದಲುವುದಿಲ್ಲ, ಯಾಕೆಂದರೆ ಅದು ಸಿಗ್ನಲ್, ನಾಯ್ಸ್ ಎರಡನ್ನೂ ಒಟ್ಟಿಗೆ ತೂಗುತ್ತದೆ. ಎರಡನೆಯದು ಬಡಬಡ ಇಳಿಯುತ್ತದೆ, ಬಾಣಗಳು ಎಷ್ಟು ಚದುರಿವೆ ಎಂದು ಹೇಳುವುದು ಅದೇ. ತಿದ್ದುವ ಶಕ್ತಿ ಇರುವ ತನಕ ಚಿತ್ರ ಚಂದವೇ ಇರುತ್ತದೆ. ಆಮೇಲೆ ಚೌಕ ಚೌಕ, ಆಮೇಲೆ ಕಪ್ಪು. ಇಷ್ಟಾದರೂ ಪಿಎಸ್‌ಕೆ ಬದಲು ಓಓಕೆ ಇದ್ದಿದ್ದರೆ ಅದೇ ಡಿಶ್ ಮಳೆಗೆ ಎಷ್ಟೋ ಮೊದಲೇ ನಿಲ್ಲುತ್ತಿತ್ತು.

ಬಿಸಿಲಿನಲ್ಲೂ `Signal Quality` ಕಡಿಮೆ ಇದೆಯಾ? ಮಳೆಯನ್ನು ಬೈಯಬೇಡಿ. ಆಗ್ನೇಯದ ಅಡಿಕೆ ಸೋಗೆಯೋ ಹಲಸಿನ ಕೊಂಬೆಯೋ ಬೆಳೆದು ಅಡ್ಡ ಬಂದಿರಬೇಕು. ನಮ್ಮನೆಯಲ್ಲೂ ಆಗಿತ್ತು, ಡಿಶ್ ಹಾಕಿದವರನ್ನು ಸುಮ್ನೆ ಎರಡು ಸಲ ಕರೆಸಿದ್ದೆ.

ನನ್ನ ಬಿಪಿಎಸ್‌ಕೆ ರಿಸೀವರ್ ಒಂದ್ಸಲ ಸರಿ ಬರುತ್ತೆ, ಒಂದ್ಸಲ ಎಲ್ಲ ಉಲ್ಟಾ. ವೈರ್ ಲೂಸಾ?

ಲೂಸ್ ಅಲ್ಲ. ಜೊತೆಯ ಒನಕೆ ನೆನಪಿದೆಯಾ? ರಿಸೀವರಿಗೆ ಹೋಲಿಸಲು ಶುದ್ಧ ಕ್ಯಾರಿಯರ್ ಬೇಕು, ಬಿಪಿಎಸ್‌ಕೆಯಲ್ಲಿ ಅದು ಬರುವುದೇ ಇಲ್ಲ. ಅದನ್ನು ಬಂದ ಸಿಗ್ನಲ್ಲಿನಿಂದಲೇ ಕಟ್ಟಿಕೊಳ್ಳಬೇಕು. ಸಾಮಾನ್ಯ ದಾರಿ ಕೋಸ್ಟಾಸ್ ಲೂಪ್. ಅದು ಬಾಣಗಳು ನಿಂತ ಗೆರೆಯನ್ನು ಹಿಡಿಯುತ್ತದೆ, ಗೆರೆಯ ಯಾವ ತುದಿ ಪ್ಲಸ್ ಎಂದು ಅದಕ್ಕೆ ತಿಳಿಯದು. ಸ್ವಿಚ್ ಹಾಕಿದಾಗ ಯಾವ ತುದಿಗೆ ಕೂರುತ್ತದೋ ಅದರ ಅದೃಷ್ಟ. ನಮ್ಮ ಲ್ಯಾಬಿನಲ್ಲಿ ಒಮ್ಮೆ ಪರೀಕ್ಷಕರ ಎದುರೇ ಹೀಗೆ ತಿರುಗಿತು. ಕಳಿಸಿದ ಅಕ್ಷರದ ಪ್ರತಿ ಬಿಟ್ಟೂ ಉಲ್ಟಾ, ಒಂದೂ ತಪ್ಪದೆ! ಅಷ್ಟು ಅಚ್ಚುಕಟ್ಟಾಗಿ ಉಲ್ಟಾ ಬಂದಿದೆ ಎಂದರೆ ರೋಗ ಇದೇ.

ಮದ್ದು ಎರಡು. ಮೊದಲು ಗೊತ್ತಿರುವ ಒಂದು ಸಾಲು ಕಳಿಸಿ, ಅದು ಉಲ್ಟಾ ಬಂದರೆ ಉಳಿದದ್ದನ್ನೂ ತಿರುಗಿಸುವುದು. ಅಥವಾ ಬಿಟ್ಟನ್ನು ಫೇಸಿನಲ್ಲಿ ಇಡದೆ ಫೇಸಿನ ಬದಲಾವಣೆಯಲ್ಲಿ ಇಡುವುದು: ಬದಲಾದರೆ 1, ಬದಲಾಗದಿದ್ದರೆ 0. ಇದು ಡಿಪಿಎಸ್‌ಕೆ. ಇಲ್ಲಿ ಹಿಂದಿನ ಬಿಟ್ಟೇ ಜೊತೆಯ ಒನಕೆ. ಹೋಲಿಸುವ ಆ ಬಿಟ್‌ನಲ್ಲೂ ನಾಯ್ಸ್ ಇರುವುದರಿಂದ ಒಂದು ಡೆಸಿಬೆಲ್‌ಗಿಂತ ಸ್ವಲ್ಪ ಕಡಿಮೆ ನಷ್ಟ. ನನ್ನ ಮಟ್ಟಿಗೆ ಅದು ಕೊಡಬಹುದಾದ ಬೆಲೆ.

ಪಿಎಸ್‌ಕೆ ಎಲ್ಲಿ ಸೋಲುತ್ತೆ? ಅದನ್ನೂ ಹೇಳಿ.

ಫೇಸೇ ನೆಟ್ಟಗೆ ನಿಲ್ಲದ ಕಡೆ ಸೋಲುತ್ತದೆ. ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಪುಟ್ಟ ಡಬ್ಬಿ ಎಲ್‌ಎನ್‌ಬಿ, ಅದರೊಳಗೆ ಅಲೆ ಹುಟ್ಟಿಸುವ ಆಸಿಲೇಟರ್ ಅಗ್ಗದ್ದಾಗಿ ನಡುಗುತ್ತಿದ್ದರೆ ಬಾಣಗಳು ತಾವೇ ತೂಗಾಡುತ್ತವೆ. ಸಿಗ್ನಲ್ ಎಷ್ಟು ಜೋರಿದ್ದರೂ ಆ ತಪ್ಪು ಹೋಗುವುದಿಲ್ಲ. ಸಿಗ್ನಲ್ ಹಲವು ದಾರಿಯಲ್ಲಿ ಗುಡ್ಡಕ್ಕೆ ಬಡಿದು ಬಂದು, ಕೂಡಿದ ಫೇಸ್ ಕ್ಷಣಕ್ಷಣಕ್ಕೂ ಬದಲಾದರೆ ಲೂಪ್ ಹಿಂದೆ ಬೀಳುತ್ತದೆ. ಅಂಥ ಕಡೆ ಫೇಸ್ ನೋಡದ ಎಫ್‌ಎಸ್‌ಕೆ ಕಡಿಮೆ ಗಲಾಟೆಯಲ್ಲಿ ಕೆಲಸ ಮಾಡುತ್ತದೆ. ಮಿಂಚಿನ ಹೊಡೆತದ ಮುಂದೆ ಪಿಎಸ್‌ಕೆಗೂ ವಿಶೇಷ ರಕ್ಷಣೆ ಇಲ್ಲ. ಬಿಟ್‌ಗಳನ್ನು ಕಲಸಿ ಕಳಿಸಿ, ಒಟ್ಟಿಗೆ ಬಿದ್ದ ತಪ್ಪುಗಳನ್ನು ಹರಡಿ ತಿದ್ದಬೇಕಷ್ಟೆ.

ಹದಿನಾರು ಚುಕ್ಕೆ, ಅಂದರೆ ಹದಿನಾರು ಬಾಣದ ತುದಿ, ಬೇಕೆಂದರೂ ಪಿಎಸ್‌ಕೆ ಸರಿಯಲ್ಲ. ಎಲ್ಲ ಬಾಣಗಳನ್ನೂ ಒಂದೇ ವೃತ್ತದ ಮೇಲೆ ನಿಲ್ಲಿಸಿದರೆ ಒತ್ತೊತ್ತಾಗುತ್ತವೆ, ಒಳಗೆ ಅಂಗಳ ಖಾಲಿ ಇದ್ದರೂ. ಎತ್ತರವನ್ನೂ ಬಳಸಿ ಚುಕ್ಕೆಗಳನ್ನು ಚೌಕದಲ್ಲಿ ಹರಡಿದರೆ ಕ್ಯೂಎಎಂ. ನಿಮ್ಮ ಮನೆಯ ವೈಫೈ ಎರಡನ್ನೂ ಇಟ್ಟುಕೊಂಡಿದೆ. ರೂಟರ್ ಪಕ್ಕ ಕೂತರೆ ಕ್ಯೂಎಎಂ. ಫೋನ್ ಹಿಡಿದು ಕೊಟ್ಟಿಗೆ ಕಡೆ ನಡೆಯುತ್ತಾ ಹೋದ ಹಾಗೆ ಚುಕ್ಕೆಗಳನ್ನು ಕಡಿಮೆ ಮಾಡುತ್ತಾ ಕ್ಯೂಪಿಎಸ್‌ಕೆಗೆ ಇಳಿಯುತ್ತದೆ. ಸಂಪರ್ಕ ತಪ್ಪುವ ಮುಂಚಿನ ಕೊನೆಯ ಮೆಟ್ಟಿಲಲ್ಲಿ ಉಳಿಯುವುದು ಬಿಪಿಎಸ್‌ಕೆಯ ಆ ಎರಡು ಬಾಣಗಳೇ.